ಎದೆ ತುಂಡಿಗೆ ಐದು ಸೀಟಿ

ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುವ ಅಧಿಕಾರ ಅತ್ತೆಯದು. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಮಾಂಸ ಯಾವುದೇ ಇರಲಿ ಐದು. ಕುರಿಯಾದರೂ ಐದು, ಜವಾರಿ ಕೋಳಿಯಾದರೂ ಐದು, ನಲವತ್ತು ದಿನ ಬದುಕಿ ಪ್ರಾಣ ಬಿಟ್ಟ ಬಾಯ್ಲರ್ ಕೋಳಿಯಾದರೂ ಐದು. ಮದುವೆಯಾಗಿ ಬಂದ ಹೊಸದರಲ್ಲಿ ನಾನೊಮ್ಮೆ ಮೂರಕ್ಕೇ ಗ್ಯಾಸ್ ಆರಿಸಿದ್ದೆ. ಅತ್ತೆ ಪಡಸಾಲೆಯಲ್ಲಿ ಕೂತಲ್ಲಿಂದಲೇ, "ಯವ್ವಾ, ಇನ್ನಾ ಎರಡು ಬಾಕಿ ಅದಾವ," ಅಂದರು. ನಾನು ವಿಜ್ಞಾನದ ಟೀಚರ್. ಮಸ್ಕಿಯ ಹತ್ತಿರದ ಹೈಸ್ಕೂಲಿನಲ್ಲಿ ವರ್ಷಕ್ಕೆ ನೂರು ಮಕ್ಕಳಿಗೆ ಶಾಖ ಬೇರೆ, ತಾಪಮಾನ ಬೇರೆ ಎಂದು ಬೋರ್ಡಿನ ಮೇಲೆ ಬರೆದು ಕಲಿಸುವವಳು. ಆದರೂ ಆವತ್ತು ಬಾಯಿ ಮುಚ್ಚಿಕೊಂಡು ಮತ್ತೆ ಗ್ಯಾಸ್ ಹಚ್ಚಿದೆ. ಹದಿನಾರು ವರ್ಷ ಹಾಗೆಯೇ ಹಚ್ಚುತ್ತ ಬಂದೆ.

ಹೋದ ವರ್ಷ ಅತ್ತೆಯ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಹೊಸ ಚಪ್ಪಲಿ ಕಚ್ಚಿದ್ದು ಅಷ್ಟೇ. ಸಕ್ಕರೆ ಕಾಯಿಲೆಯವರ ಕಾಲಲ್ಲಿ ಅಷ್ಟೇ ಅನ್ನುವುದು ಯಾವುದೂ ಇರುವುದಿಲ್ಲ. ಎರಡು ತಿಂಗಳಾದರೂ ಗಾಯ ಕೂಡಲಿಲ್ಲ. ನಾವಿರುವ ಸಿಂಧನೂರಿನಲ್ಲೇ ಬೇಕಾದಷ್ಟು ಡಾಕ್ಟರುಗಳಿದ್ದರೂ ಅತ್ತೆಗೆ ಲಿಂಗಸುಗೂರಿನ ಡಾಕ್ಟರೇ ಆಗಬೇಕು. ಅವರ ತವರು ಗುರುಗುಂಟಾ. ಆ ಕಡೆಯ ನೀರು ಕುಡಿದ ಡಾಕ್ಟರಿಗೆ ಮಾತ್ರ ನಾಡಿ ಗೊತ್ತು ಎಂಬುದು ಅವರ ಸಿದ್ಧಾಂತ. ಆ ಡಾಕ್ಟರು ಮೂಲತಃ ಎಲ್ಲಿಯವರೋ ಯಾರಿಗೆ ಗೊತ್ತು, ನಾವು ಅದನ್ನು ಕೇಳಲು ಹೋಗಲಿಲ್ಲ.

ಡಾಕ್ಟರು ರಕ್ತದ ವರದಿ ನೋಡಿ ನನ್ನ ಕಡೆ ತಿರುಗಿದರು. "ಸಕ್ಕರಿ ಹತೋಟಿಯೊಳಗ ಐತಿ. ಕಿಡ್ನಿ ಚಲೋ ಅದಾವ. ಆದ್ರ ಮೈಯಾಗ ಪ್ರೋಟೀನೇ ಇಲ್ಲ. ಗಾಯ ಯಾತರಿಂದ ಕೂಡಬೇಕ್ರಿ? ದಿನಾ ಎರಡು ಮೊಟ್ಟಿ, ಚರ್ಮ ತೆಗೆದ ಕೋಳಿ ಎದಿ ಮಾಂಸ ಕೊಡ್ರಿ. ತಿಂಗಳು ಬಿಟ್ಟು ಬರ್ರಿ. ಹಿಂಗೇ ಇದ್ರ ಬೆರಳು ತೆಗಿಬೇಕಾಕೈತಿ."

ಬೆರಳು ತೆಗೆಯುವ ಮಾತನ್ನು ಅತ್ತೆ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಅವರಿಗೆ ತಾಗಿದ್ದು ಎದೆ ಮಾಂಸದ ಮಾತು. ವಾಪಸು ಬರುವಾಗ ಬಸ್ಸು ಮಸ್ಕಿ ದಾಟಿತು. ಆಮೇಲೆ, "ಎದಿ ತುಂಡು ತಿನ್ನೂದಕ್ಕಿಂತ ಬೆರಳು ಹೋಗಲಿ," ಅಂದರು. "ಅದೇನು ಮಾಂಸೇನು? ಹಗ್ಗ. ನಾ ಹುಟ್ಟಿದಾಗಿಂದ ಅದೇ ಹಗ್ಗ ತಿಂದೀನಿ. ಈಗ ಹಲ್ಲೂ ಇಲ್ಲ."

ಹಲ್ಲಿಲ್ಲ ಅನ್ನುವುದು ನಿಜವಾಗಿತ್ತು. ಮೇಲೆ ಮೂರು, ಕೆಳಗೆ ಐದು. ಆ ಮೂರಕ್ಕೂ ಐದಕ್ಕೂ ಪರಸ್ಪರ ಪರಿಚಯವಿರಲಿಲ್ಲ. ಮೊಟ್ಟೆಯನ್ನು ಮೂಗು ಹಿಡಿದುಕೊಂಡು ನುಂಗುತ್ತಿದ್ದರು. ಕೋಳಿಯ ಎದೆ ಮಾತ್ರ ಮೊದಲ ದಿನವೇ ಸೋತಿತು. ನಾನು ಶಾಸ್ತ್ರೋಕ್ತವಾಗಿ ಐದು ಸೀಟಿ ಹೊಡೆಸಿ ತಾಟಿಗೆ ಹಾಕಿದೆ. ಒಂದು ತುಂಡನ್ನು ಹತ್ತು ನಿಮಿಷ ಬಾಯೊಳಗೆ ಆ ಕಡೆ ಈ ಕಡೆ ಹೊರಳಿಸಿ, ಕೊನೆಗೆ ಅಂಗೈಯಲ್ಲಿ ಒಂದು ಬಿಳಿ ಉಂಡೆ ಉಗುಳಿ ನನಗೆ ತೋರಿಸಿದರು. ಸೋಫಾದೊಳಗೆ ತುಂಬುವ ನಾರು ಹಾಗೆಯೇ ಇರುತ್ತದೆ. ಅದನ್ನು ಹಿತ್ತಲಿನ ಬೆಕ್ಕಿಗೆ ಹಾಕಿದರು. ಬೆಕ್ಕು ಮೂಸಿ ನೋಡಿ ನಮ್ಮಿಬ್ಬರ ಮುಖ ನೋಡಿ ಹೊರಟುಹೋಯಿತು.

ನನಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ನನ್ನ ಮೇಲೆ. ಒಂಬತ್ತನೆಯ ತರಗತಿಗೆ ಪ್ರೋಟೀನು ಕಾವಿಗೆ ಹೇಗೆ ಗಟ್ಟಿಯಾಗುತ್ತದೆ ಎಂದು ಕಲಿಸುವವಳು ನಾನು. ಮೊಟ್ಟೆಯ ಬಿಳಿ ಭಾಗವನ್ನು ಬಿಸಿ ನೀರಿಗೆ ಬಿಟ್ಟು ಮಕ್ಕಳಿಗೆ ತೋರಿಸಿದ್ದೇನೆ. ಎದೆ ಮಾಂಸವೂ ಅಷ್ಟೇ. ಕಾವು ಏರಿದಂತೆ ಅದರ ನಾರುಗಳು ಮುದುಡಿ ಒಳಗಿನ ನೀರನ್ನೆಲ್ಲ ಹೊರಗೆ ಹಿಂಡುತ್ತವೆ. ಕಾಲಿನ ಮಾಂಸದಲ್ಲಿ ಕೊಬ್ಬಿದೆ, ಬೆಂದಷ್ಟೂ ಕರಗಿ ಮೆತ್ತಗಾಗುವ ಅಂಟು ಪದಾರ್ಥವಿದೆ. ಹಾಗಾಗಿ ಅದು ಹೆಚ್ಚು ಬೆಂದರೂ ತಡೆದುಕೊಳ್ಳುತ್ತದೆ. ಎದೆಗೆ ಅವೆರಡೂ ಕಡಿಮೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕುಕ್ಕರಿನ ಮುಂದೆ ನಿಂತು ಐದು ಎಣಿಸುತ್ತಿದ್ದೆ. ಓದಿದ್ದೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಮನೆಯೊಳಗೆ ಬರುವ ಅಭ್ಯಾಸ ನನಗೊಬ್ಬಳಿಗೇ ಅಲ್ಲ ಅನ್ನುವುದಷ್ಟೇ ಸಮಾಧಾನ.

ಮರುದಿನ ಸಂಜೆ ಬಸ್ಸಿಳಿದು ಸೀದಾ ಕೋಳಿ ಅಂಗಡಿಗೆ ಹೋದೆ. ಆ ಅಂಗಡಿಯವನು ನಮ್ಮ ಓಣಿಗೆಲ್ಲ ಹತ್ತಾರು ವರ್ಷಗಳಿಂದ ಕೋಳಿ ಕೊಡುತ್ತ ಬಂದವನು. ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ಕನ್ನಡ, ಕೋಳಿಗಳೊಂದಿಗೆ ಎರಡೂ. ಅವನಿಗೆ ಎಲ್ಲ ವಿಷಯದಲ್ಲೂ ಅಭಿಪ್ರಾಯವಿತ್ತು, ಕೋಳಿಯ ವಿಷಯದಲ್ಲಂತೂ ಬಹಳ. ಬರೀ ಎದೆ ಬೇಕು ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮೇಡಂ, ಜಿಮ್ಮಿಗೆ ಹೊಂಟೀರೇನು?" ಅಂದ. "ಬರೀ ಸೀನಾ ಪೀಸ್ ಕೇಳೋರು ಅವರೇ. ನೀರಾಗ ಕುದಿಸಿ ತಿಂತಾರ, ಆಮ್ಯಾಲೆ ಬಂದು ನನ್ನ ಕೋಳಿ ಚಲೋ ಇಲ್ಲ ಅಂತ ಬೈತಾರ."

ಅತ್ತೆಯ ಬೆರಳಿನ ಕತೆ ಹೇಳಿದೆ. ಅವನು ನಗು ಬಿಟ್ಟು ಚಾಕುವನ್ನು ಒರೆಸಿಕೊಂಡ. ಒಂದು ಎದೆಯನ್ನು ಹಲಗೆಯ ಮೇಲಿಟ್ಟು ಬೆರಳಿನಿಂದ ಗೆರೆ ಎಳೆದು ತೋರಿಸಿದ.

"ನೋಡ್ರಿ, ಎಳಿ ಉದ್ದಕ ಹಿಂಗ ಹೊಂಟಾವ. ನೀವು ಹಿಂಗೇ ಉದ್ದಕ ಕೊಯ್ದ್ರ ಬಾಯಾಗ ಹಗ್ಗ ಬರ್ತೈತಿ. ಬೆಂದಮ್ಯಾಲೆ ಅಡ್ಡ ಕೊಯ್ಯಬೇಕು. ಎಳಿ ಗಿಡ್ಡ ಆದ್ರ ಹಲ್ಲಿಲ್ಲದೋರೂ ತಿಂತಾರ. ಈ ಕಡೆ ದಪ್ಪ ಐತಿ, ಆ ಕಡೆ ತೆಳ್ಳಗ ಐತಿ. ಎರಡೂ ಒಂದೇ ಸಲ ಬೇಯಂಗಿಲ್ಲ. ಲಟ್ಟಣಗಿ ತಗೊಂಡು ದಪ್ಪ ಕಡೆ ಮೆಲ್ಲಕ ಬಡಿರಿ. ಸಿಟ್ಟಿಲೆ ಅಲ್ಲ, ಮೆಲ್ಲಕ. ಅರ್ಧ ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಅರ್ಧ ತಾಸು ನೆನಿಯಾಕ ಬಿಡ್ರಿ. ಕುಕ್ಕರ್ ಮಾತ್ರ ಮುಟ್ಟಬ್ಯಾಡ್ರಿ."

"ಕುಕ್ಕರ್ ಬಿಟ್ಟು ಹೆಂಗ್ರಿ?"

"ತವಾ ಇಲ್ಲೇನ್ರಿ ಮನ್ಯಾಗ? ನನ್ನ ಹೆಂಡ್ತಿ ತವಾದಾಗ ಮಾಡ್ತಾಳ. ಎರಡೂ ಕಡೆ ಬಣ್ಣ ಬರಿಸಿ, ಉರಿ ಸಣ್ಣ ಮಾಡಿ ಮುಚ್ಚಿಡ್ತಾಳ. ಇಳಿಸಿದ ಮ್ಯಾಲೆ ಐದು ನಿಮಿಷ ಯಾರೂ ಮುಟ್ಟಂಗಿಲ್ಲ. ನಾ ಮುಟ್ಟಿದ್ರ ಸೌಟಿಲೆ ಹೊಡಿತಾಳ."

ಶಾಖ, ತಾಪಮಾನ ಎಂದು ಸಂಬಳ ತೆಗೆದುಕೊಳ್ಳುವ ನನಗಿಂತ ಆ ಮನೆಯ ಹೆಂಗಸು ಚೆನ್ನಾಗಿ ವಿಜ್ಞಾನ ಓದಿದಂತಿತ್ತು. ನಾನು ನನ್ನ ಮಾನ ಉಳಿಸಿಕೊಳ್ಳಲು ಒಂದು ಡಿಜಿಟಲ್ ಥರ್ಮಾಮೀಟರ್ ತರಿಸಿಕೊಂಡೆ. ತುದಿಯಲ್ಲಿ ಉದ್ದನೆಯ ಸ್ಟೀಲ್ ಸೂಜಿ ಇರುವಂಥದು, ಅಡುಗೆಗೆಂದೇ ಮಾಡಿದ್ದು. ಮೊದಲ ಬೆಳಿಗ್ಗೆ ಅದನ್ನು ಕೋಳಿಯ ದಪ್ಪ ಭಾಗಕ್ಕೆ ಚುಚ್ಚಿ ನಿಂತಿದ್ದಾಗ ಗಂಡ ಹಲ್ಲುಜ್ಜುತ್ತ ಒಳಗೆ ಬಂದ. ತಾಲೂಕು ಕಚೇರಿಯಲ್ಲಿ ಕೆಲಸ ಅವನಿಗೆ. ಎಲ್ಲವನ್ನೂ ಒಮ್ಮೆ ಪರಿಶೀಲಿಸಿ ಆಮೇಲೆ ಏನೂ ಮಾಡದೆ ಬಿಡುವುದು ಅಲ್ಲಿಂದ ಬಂದ ಗುಣ.

"ಸತ್ತ ಕೋಳಿಗೆ ಜ್ವರ ನೋಡಾಕತ್ತೀಯೇನು?" ಅಂದ.

"ಎಪ್ಪತ್ತೆರಡು ಐತಿ," ಅಂದೆ.

"ಹಂಗಾರ ಆಸ್ಪತ್ರಿಗೆ ಸೇರಿಸು," ಎಂದು ಬಾಯಿ ಮುಕ್ಕಳಿಸಲು ಹೋದ.

ಎಪ್ಪತ್ತೆರಡಕ್ಕೆ ಗ್ಯಾಸ್ ಆರಿಸಿ ಮುಚ್ಚಿಟ್ಟೆ. ಒಳಗಿನ ಕಾವು ತಾನಾಗಿಯೇ ಇನ್ನೂ ಎರಡು ಮೂರು ಡಿಗ್ರಿ ಏರುತ್ತದೆ. ಎಪ್ಪತ್ತನಾಲ್ಕು ಮುಟ್ಟಿದರೆ ಕೋಳಿ ಬೆಂದಿದೆ, ಹೊಟ್ಟೆಗೂ ಭಯವಿಲ್ಲ. ಹೊರಗೆ ಹರಿದುಹೋಗಲು ಹವಣಿಸುತ್ತಿದ್ದ ರಸವೆಲ್ಲ ಆ ಐದು ನಿಮಿಷದಲ್ಲಿ ಒಳಗೇ ನೆಲೆ ನಿಲ್ಲುತ್ತದೆ. ನೋಡಿದೆ, ಎಪ್ಪತ್ತೈದು. ಅಡ್ಡವಾಗಿ ಕೊಯ್ದು ಒಂದು ಚೂರು ಬಾಯಿಗೆ ಹಾಕಿಕೊಂಡೆ. ನಾಲಿಗೆಯಿಂದ ಒತ್ತಿದರೆ ಎಳೆ ಬಿಟ್ಟುಕೊಳ್ಳುವಷ್ಟು ಮೆತ್ತಗಿತ್ತು. ಒಲೆಯ ಮುಂದೆ ಒಬ್ಬಳೇ ನಿಂತು ನಕ್ಕೆ. ಅತ್ತೆ ಊಟಕ್ಕೆ ಕೂರುವುದು ಮಧ್ಯಾಹ್ನ ಒಂದಕ್ಕೆ, ನನ್ನ ಬಸ್ಸು ಎಂಟೂವರೆಗೆ. ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. "ಅತ್ತಿ, ಮಧ್ಯಾಹ್ನ ತೆಗೆದು ಸ್ವಲ್ಪ ಬೆಚ್ಚಗ ಮಾಡ್ಕೊಂಡು ಉಣ್ರಿ," ಎಂದು ಹೇಳಿ ಹೊರಟೆ.

ಸಂಜೆ ಬಂದು ನೋಡಿದರೆ ತಾಟಿನ ಅಂಚಿನಲ್ಲಿ ಅದೇ ನಾರಿನ ಉಂಡೆಗಳು ಸಾಲಾಗಿ ಕೂತಿದ್ದವು.

"ಹಗ್ಗ ಬೇ," ಅಂದರು ಅತ್ತೆ. ಹೇಳಲು ಅವರಿಗೂ ಬೇಸರವಿದ್ದಂತಿತ್ತು. "ನೀ ಎಷ್ಟು ಕಷ್ಟಪಟ್ರೂ ಅದು ಹಗ್ಗನೇ."

ನನಗೆ ನಂಬಿಕೆಯಾಗಲಿಲ್ಲ. ಬೆಳಿಗ್ಗೆ ಬಾಯಲ್ಲಿ ಕರಗಿದ್ದು ಮಧ್ಯಾಹ್ನದ ಹೊತ್ತಿಗೆ ನಾರಾಗಿದ್ದು ಹೇಗೆ? ಫ್ರಿಜ್ಜಿನಲ್ಲಿಟ್ಟರೆ ಸ್ವಲ್ಪ ಗಟ್ಟಿಯಾಗುವುದುಂಟು, ಆದರೆ ಇಷ್ಟೊಂದು ಆಗುವುದಿಲ್ಲ. ಮರುದಿನ ಉಪ್ಪು ನೀರಿನ ಬದಲು ಮಜ್ಜಿಗೆಯಲ್ಲಿ ನೆನೆಸಿದೆ. ಬೆಳಿಗ್ಗೆ ಬೆಣ್ಣೆ, ಸಂಜೆ ಹಗ್ಗ. ಅದರ ಮರುದಿನ ಎಪ್ಪತ್ತೊಂದಕ್ಕೆ ಇಳಿಸಿ, ಎಪ್ಪತ್ತನಾಲ್ಕು ಮುಟ್ಟುವವರೆಗೆ ಮುಚ್ಚಿಟ್ಟು ಕಾಯ್ದೆ. ಬೆಳಿಗ್ಗೆ ಬೆಣ್ಣೆ, ಸಂಜೆ ಹಗ್ಗ. ಸೋಮವಾರದಿಂದ ಐದು ದಿನ ಹೀಗೇ ಕಳೆಯಿತು. ಸ್ಟಾಫ್ ರೂಮಿನಲ್ಲಿ ಕೂತು ಕೋಳಿಯ ಬಗ್ಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಮಟ್ಟಕ್ಕೆ ಇಳಿದಿದ್ದೆ. ದಿನ ಬಿಟ್ಟು ದಿನ ಪಟ್ಟಿ ಬಿಚ್ಚಿ ಕಟ್ಟುವಾಗ ಗಾಯದ ಬಾಯಿ ಹಾಗೆಯೇ ತೆರೆದುಕೊಂಡಿರುತ್ತಿತ್ತು. ನಾನು ಹೊಸ ಪಟ್ಟಿ ಸುತ್ತುತ್ತಿದ್ದೆ. ಅತ್ತೆ ಆ ಕಡೆ ನೋಡುತ್ತಲೇ ಇರಲಿಲ್ಲ, ಗೋಡೆ ನೋಡುತ್ತಿದ್ದರು. ಬಸ್ಸಿನಲ್ಲಿ ಆಡಿದ ಆ ಮಾತೆಲ್ಲ ಬರೀ ಧೈರ್ಯದ ಮಾತು ಎಂದು ನನಗೆ ಗೊತ್ತಾಯಿತು. ಅವರಿಗೆ ಭಯವಾಗಿತ್ತು, ನನಗೂ ಭಯವಾಗಿತ್ತು.

ಆ ಭಯವನ್ನು ಯಾರ ಮೇಲಾದರೂ ಹಾಕಬೇಕಲ್ಲ. ಕೋಳಿ ಅಂಗಡಿಗೆ ಹೋಗಿ ಜಗಳ ತೆಗೆದೆ. "ನಿನ್ನ ಕೋಳಿಯೊಳಗೇ ಏನೋ ಐತಿ," ಅಂದೆ. ಅಂಗಡಿಯವನು ಕತ್ತಿ ಕೆಳಗಿಟ್ಟ. ಅವನ ಮನೆತನವನ್ನೇ ಬೈದಷ್ಟು ನೊಂದುಕೊಂಡಿದ್ದ. ಪಕ್ಕದ ಚಹಾ ಅಂಗಡಿಯವನನ್ನು ಕೂಗಿ ಒಲೆ ಖಾಲಿ ಮಾಡಿಸಿದ. ಒಂದು ಎದೆಯನ್ನು ತೆಳ್ಳಗೆ ಬಡಿದು ಉಪ್ಪು, ಅರಿಷಿಣ, ಖಾರ ಸವರಿ ಬೇಯಿಸಿದ. ಸೂಜಿಯಿಲ್ಲ, ಡಿಗ್ರಿಯಿಲ್ಲ. ಬೆರಳಿನಿಂದ ಒತ್ತಿ ನೋಡಿದ, ಚಾಕುವಿನ ತುದಿ ಚುಚ್ಚಿ ನೋಡಿದ. ಹೊರಗೆ ಬಂದ ರಸ ಕೆಂಪಿಲ್ಲದೆ ತಿಳಿಯಾಗಿತ್ತು. ಇಳಿಸಿ ಐದು ನಿಮಿಷ ಸೊಂಟದ ಮೇಲೆ ಕೈಯಿಟ್ಟು ಕಾದ. ಆಮೇಲೆ ಅಡ್ಡವಾಗಿ ಕೊಯ್ದು ಕಾಗದದ ಮೇಲಿಟ್ಟು ನನ್ನ ಮುಂದೆ ಹಿಡಿದ.

ಪಂಜರದ ಕೋಳಿಗಳೆಲ್ಲ ನೋಡುತ್ತಿರುವಾಗ ಅವುಗಳ ಬಂಧುವನ್ನು ನಿಂತುಕೊಂಡೇ ತಿಂದೆ. ನಾನು ಮಾಡಿದ್ದಕ್ಕಿಂತ ಚೆನ್ನಾಗಿತ್ತು.

"ಈಗ ಹೇಳ್ರಿ ಮೇಡಂ," ಅಂದ. "ನನ್ನ ಕೋಳಿ ಮ್ಯಾಲೆ ಅನುಮಾನ ಬ್ಯಾಡ. ನಿಮ್ಮ ಮನಿ ಮ್ಯಾಲೆ ಪಡ್ರಿ."

ಆ ಮಾತು ನನಗೆ ಹಿಡಿಸಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನನ್ನು ಬೈದುಕೊಳ್ಳುತ್ತ ಮನೆಗೆ ಬಂದೆ.

ಮರುದಿನ ಶನಿವಾರ. ಶನಿವಾರ ನಮಗೆ ಬೆಳಗಿನ ಶಾಲೆ. ಹೆಚ್ಚಾಗಿ ಶಾಲೆ ಬಿಟ್ಟ ಮೇಲೆ ಮಸ್ಕಿಯಲ್ಲಿ ಏನಾದರೂ ಕೆಲಸವಿಟ್ಟುಕೊಂಡು ಸಂಜೆಗೇ ಬರುತ್ತಿದ್ದೆ. ಅವತ್ತು ಸೀದಾ ಬಸ್ಸು ಹತ್ತಿದೆ. ಒಂದು ಗಂಟೆಯ ಸುಮಾರಿಗೆ ನಮ್ಮ ಓಣಿಯ ತಿರುವಿಗೆ ಬಂದಾಗ ಸೀಟಿ ಕೇಳಿಸಿತು. ನಮ್ಮ ಕುಕ್ಕರಿನ ಸೀಟಿ ನನಗೆ ಗೊತ್ತು. ಅದರ ವಾಷರ್ ಸ್ವಲ್ಪ ಸಡಿಲಾಗಿ, ಮೊದಲು ಸುಂಯ್ ಎಂದು ಕೊರಗಿ ಆಮೇಲೆ ಕೂಗುತ್ತದೆ. ಗೇಟಿನ ಹತ್ತಿರ ಬರುವಾಗ ಮೂರನೆಯದು, ಚಪ್ಪಲಿ ಬಿಡುವಾಗ ನಾಲ್ಕನೆಯದು. ಅಡುಗೆಮನೆಯ ಬಾಗಿಲಿಗೆ ಬಂದಾಗ ಅತ್ತೆ ಸ್ಟೂಲಿನ ಮೇಲೆ ಪಟ್ಟಿ ಕಟ್ಟಿದ ಕಾಲು ಚಾಚಿಕೊಂಡು, ಕುಕ್ಕರಿನ ಮುಂದೆ ಕೂತು ಐದನೆಯದಕ್ಕೆ ಕಾಯುತ್ತಿದ್ದರು. ಕಟ್ಟೆಯ ಮೇಲೆ ನನ್ನ ಫ್ರಿಜ್ಜಿನ ಡಬ್ಬಿ ಖಾಲಿಯಾಗಿ ಬಾಯಿ ತೆರೆದುಕೊಂಡಿತ್ತು.

"ಅತ್ತಿ, ಏನ್ ಮಾಡಾಕತ್ತೀರಿ?"

ಅತ್ತೆ ತಿರುಗಿ ನೋಡಿದರು. ಸಿಕ್ಕಿಬಿದ್ದವರ ಮುಖ ಅದಲ್ಲ, ಕೆಲಸ ಮುಗಿಸುತ್ತಿರುವವರ ಮುಖ. "ಬೇಯಿಸಾಕತ್ತೀನಿ," ಅಂದರು. "ನೀ ದಿನಾ ಹಸೀದೇ ಇಟ್ಟು ಹೋಗ್ತಿ. ಕೊಯ್ದ್ರ ನೀರು ಬರ್ತೈತಿ. ನೀ ಗಡಿಬಿಡ್ಯಾಗ ಇರ್ತಿ, ಬಸ್ಸು ಹಿಡಿಬೇಕು. ಹೇಳಿದ್ರ ಬ್ಯಾಸರ ಮಾಡ್ಕೋತಿ ಅಂತ ನಾನೇ ಐದು ಸೀಟಿ ಹೊಡಿಸ್ಕೋತಿದ್ದೆ."

ಐದನೆಯದು ಹೊಡೆಯಿತು. ಅತ್ತೆ ಕೈ ಚಾಚಿ ಗ್ಯಾಸ್ ಆರಿಸಿದರು. ನಾನು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಐದು ದಿನ ನಾನು ಡಿಗ್ರಿ ಡಿಗ್ರಿ ಎಣಿಸಿ ಉಳಿಸಿದ ರಸವನ್ನೆಲ್ಲ ಅತ್ತೆ ಮಧ್ಯಾಹ್ನಕ್ಕೆ ಸರಿಯಾಗಿ ಹಿಂಡಿ ತೆಗೆದಿದ್ದರು, ಅದೂ ನನ್ನ ಮಾನ ಕಾಯಲು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ಬಂದದ್ದು ಸಿಟ್ಟೇ.

"ಅದು ಹಸಿ ಅಲ್ರಿ ಅತ್ತಿ. ಅದು ರಸ. ಅದನ್ನ ಉಳಿಸಾಕಂತನೇ ನಾ ಬೆಳಿಗ್ಗೆ ಐದಕ್ಕ ಎದ್ದು ಒದ್ದಾಡಾಕತ್ತೀನಿ."

"ಎದಿ ತುಂಡಿನ್ಯಾಗ ರಸ ಎಲ್ಲಿಂದ ಬರ್ತೈತಿ?" ಅತ್ತೆ ಕೇಳಿದರು. ವಾದಕ್ಕಾಗಿ ಕೇಳಿದ್ದಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು.

ಆಮೇಲೆ ಹೇಳಿದರು. ಅವರು ಮದುವೆಯಾಗಿ ಬಂದ ವರ್ಷ, ಮನೆಗೆ ಬೀಗರು ಬಂದಾಗ, ಜವಾರಿ ಹುಂಜ ಕೊಯ್ದು ಸಾರು ಮಾಡಿದ್ದರಂತೆ. ಹುಂಜ ಮುದಿಯಾಗಿತ್ತು, ಕಟ್ಟಿಗೆ ಹಸಿಯಾಗಿತ್ತು. ಬೀಗರ ತಾಟಿನಲ್ಲಿ ಮೂಳೆಯ ಹತ್ತಿರ ಕೆಂಪು ಕಂಡಿತು. ಅವರ ಅತ್ತೆ ಎಲ್ಲರೆದುರಿಗೆ ಗಡಿಗೆಯನ್ನು ಅಂಗಳಕ್ಕೆ ಸುರಿದು, ಇವಳ ತವರಿನಲ್ಲಿ ನಾಯಿಗಳಂತೆ ಹಸಿಯೇ ತಿನ್ನುತ್ತಾರೆ ಎಂದು ಹೇಳಿದರಂತೆ. ಅವತ್ತಿನಿಂದ ಹಸಿ ಅನ್ನುವ ಮಾತು ಕೇಳಿದರೆ ಸಾಕು, ಗಡಿಗೆಯನ್ನು ಮತ್ತೆ ಒಲೆಗೆ ಏರಿಸುತ್ತಿದ್ದರಂತೆ. ಕುಕ್ಕರ್ ಬಂದ ಮೇಲೆ ಐದು ಸೀಟಿ ಎಂದು ಗೊತ್ತು ಮಾಡಿಕೊಂಡರು. ಐದಾದರೆ ಯಾರೂ ಏನೂ ಅನ್ನುವಂತಿಲ್ಲ.

"ಮತ್ತ ಎದಿ ತುಂಡು?" ಅಂದೆ. "ಹುಟ್ಟಿದಾಗಿಂದ ಹಗ್ಗ ತಿಂದೀನಿ ಅಂದ್ರೆಲ್ಲ?"

"ಕಾಲು ಗಂಡಸರಿಗೆ," ಅಂದರು. "ತೊಡಿ ಹುಡುಗರಿಗೆ. ಕಾಳಜ, ನೀವು ಲಿವರ್ ಅಂತೀರಲ್ಲ, ಅದು ಮಾವಗ. ಅವರೆಲ್ಲ ಉಂಡು ಎದ್ದಮ್ಯಾಲೆ ಗಡಿಗಿ ತಳದಾಗ ಉಳಿಯೂದು ಎದಿ, ಕುತ್ತಿಗಿ. ಅಷ್ಟೊತ್ತಿಗೆ ಸಾರು ಮೂರು ಸಲ ಕುದ್ದಿರತೈತಿ. ನೆಂಟರು ಬರೂದು ತಡ ಆದ್ರ ನಾಕು ಸಲ. ಅದನ್ನೇ ತಿಂತಿದ್ವಿ. ನಾವು ಬಿಸಿದು ಯಾವಾಗ ಉಂಡೀವಿ?"

ಸುಮ್ಮನೆ ಲೆಕ್ಕ ಒಪ್ಪಿಸಿದಂತೆ ಹೇಳಿದರು, ಕಣ್ಣೀರು ಗಿಣ್ಣೀರು ಏನೂ ಇಲ್ಲ. ಅತ್ತೆಗೆ ಎದೆ ಮಾಂಸ ಹಗ್ಗವಾಗಿದ್ದು ಕೋಳಿಯ ತಪ್ಪಿನಿಂದಲ್ಲ, ಸರದಿಯ ತಪ್ಪಿನಿಂದ. ಒಲೆಯಿಂದ ಇಳಿದ ಹತ್ತು ನಿಮಿಷದಲ್ಲಿ ತಿನ್ನಬೇಕಾದದ್ದನ್ನು ಎರಡು ತಾಸು ಆದ ಮೇಲೆ ತಿಂದರೆ ಯಾರಿಗಾದರೂ ಹಗ್ಗವೇ. ನಾನೇನು ಕಡಿಮೆ? ಹದಿನಾರು ವರ್ಷದಿಂದ ನಾನೂ ಕೊನೆಗೇ ಉಣ್ಣುತ್ತಿದ್ದೆ. ಮಕ್ಕಳಿಗೆ ಸಮಾನತೆಯ ಪ್ರಬಂಧ ತಿದ್ದಿಕೊಟ್ಟು, ಮನೆಗೆ ಬಂದು ಗಂಡನ ತಾಟಿಗೆ ಲೆಗ್ ಪೀಸ್ ಹುಡುಕಿ ಹಾಕುವವಳು. ಈಗ ಮಧ್ಯಾಹ್ನದ ಊಟವನ್ನು ಬೆಳಿಗ್ಗೆಯೇ ಬೇಯಿಸಿ ಫ್ರಿಜ್ಜಿಗೆ ತುಂಬಿ, ಅದೇ ಹಳೆಯ ಗಡಿಗೆಯ ತಳವನ್ನು ಅತ್ತೆಗೆ ಹೊಸ ಡಬ್ಬಿಯಲ್ಲಿ ಕೊಡುತ್ತಿದ್ದೆ.

ಪದ್ಧತಿ ಬದಲಿಸಿದೆ. ಕೋಳಿ ಇನ್ನು ಸಂಜೆಗೆ. ನಾನು ಬಸ್ಸಿಳಿದು ಬರುವುದು ಐದೂವರೆಗೆ. ಬಂದ ತಕ್ಷಣ ಉಪ್ಪು ನೀರಿಗೆ ಹಾಕಿ ಚಹಾ ಕುಡಿದರೆ ಅರ್ಧ ತಾಸು ಸರಿಯಾಗುತ್ತದೆ. ನೀರು ಒರೆಸಿ ಮಸಾಲೆ ಸವರಿ, ಮಸಾಲೆಗೆ ಮತ್ತೆ ಉಪ್ಪು ಹಾಕದೆ, ತವಾದ ಮೇಲಿಟ್ಟರೆ ಆರೂವರೆಗೆ ತಾಟಿಗೆ ಬರುತ್ತದೆ. ಇದನ್ನೆಲ್ಲ ಹೇಳಿದಾಗ ಅತ್ತೆ ಒಂದೇ ಪ್ರಶ್ನೆ ಕೇಳಿದರು.

"ಅಂವ ಬರೂದು ಎಂಟಕ್ಕ. ಅಂವ ಉಣ್ಣದ ನಾ ಹೆಂಗ ಉಣ್ಣಲಿ?"

ಅಂವ ಅಂದರೆ ಮಗ. ಮಾವ ತೀರಿಕೊಂಡ ಮೇಲೆ ಆ ಮೊದಲ ತಾಟು ಮಗನಿಗೆ ಬಂದಿತ್ತು. ನನ್ನ ಗಂಡ ಅದನ್ನು ಕೇಳಿದವನಲ್ಲ. ಬೇಡ ಅಂದವನೂ ಅಲ್ಲ.

"ಎಂಟರತನಕ ಇಟ್ರ ಮತ್ತ ಹಗ್ಗ ಆಕೈತ್ರಿ," ಅಂದೆ. "ಬೆರಳು ನಿಮ್ದು. ಮಗನ್ನ ಕಾಯ್ತೀರೋ, ಬೆರಳು ಕಾಯ್ತೀರೋ ನೋಡ್ರಿ."

ಒರಟಾಗಿ ಹೇಳಿದೆ ಎಂದು ಆಮೇಲೆ ಅನ್ನಿಸಿತು. ಆದರೆ ಆ ಮನೆಯಲ್ಲಿ ಮೆತ್ತಗೆ ಹೇಳಿದ್ದು ಯಾವುದೂ ಹದಿನಾರು ವರ್ಷದಲ್ಲಿ ಕೆಲಸ ಮಾಡಿರಲಿಲ್ಲ.

ಅವತ್ತು ಸಂಜೆ ಅತ್ತೆಯನ್ನು ಒಲೆಯ ಹತ್ತಿರವೇ ಕೂರಿಸಿಕೊಂಡೆ. ಥರ್ಮಾಮೀಟರನ್ನು ಅವರ ಕೈಗೇ ಕೊಟ್ಟೆ. ಅತ್ತೆಗೆ ಓದು ಬರೆಹ ಅಷ್ಟಕ್ಕಷ್ಟೇ, ಅಂಕಿ ಮಾತ್ರ ಚೆನ್ನಾಗಿ ಗೊತ್ತು. ಸೀಟಿ ಎಣಿಸಿದವರಿಗೆ ಡಿಗ್ರಿ ಎಣಿಸುವುದು ಏನು ಮಹಾ. ದಪ್ಪ ಜಾಗಕ್ಕೆ ತಾವೇ ಚುಚ್ಚಿದರು. "ಐವತ್ತೆಂಟು," ಅಂದರು. ಸ್ವಲ್ಪ ಹೊತ್ತಿಗೆ, "ಅರವತ್ತಾರು." ಆಮೇಲೆ, "ಎಪ್ಪತ್ತೆರಡು, ಆರಿಸು," ಎಂದು ಸೀಟಿಗೆ ಹೇಳುವ ಅದೇ ದನಿಯಲ್ಲಿ ಅಂದರು. ಮುಚ್ಚಿಟ್ಟೆವು. ಐದು ನಿಮಿಷವನ್ನು ಅತ್ತೆ ಗೋಡೆಯ ಗಡಿಯಾರ ನೋಡಿ ಎಣಿಸಿದರು. ಮತ್ತೆ ಚುಚ್ಚಿದಾಗ ಎಪ್ಪತ್ತೈದು ತೋರಿಸಿತು. ಗ್ಯಾಸ್ ಆರಿಸಿದರೂ ಏರಿದ್ದು ಹೇಗೆ ಎಂದು ಮೂರು ಸಲ ಕೇಳಿದರು. ಒಂಬತ್ತನೆಯ ತರಗತಿಯಲ್ಲಿ ಇಷ್ಟು ಆಸಕ್ತಿಯಿಂದ ಯಾರೂ ನನ್ನನ್ನು ಕೇಳಿದ್ದಿಲ್ಲ.

ಅಡ್ಡ ಕೊಯ್ದೆ. ರಸ ಹಲಗೆಯ ಮೇಲೆ ಸ್ವಲ್ಪ ಹರಡಿತು. ಅತ್ತೆ ಬಗ್ಗಿ ನೋಡಿದರು, ಬೆರಳಿನಿಂದ ಮುಟ್ಟಿ ಬೆಳಕಿಗೆ ಹಿಡಿದರು. ಕೆಂಪಿರಲಿಲ್ಲ. ಒಳಗೆಲ್ಲ ಬೆಳ್ಳಗಿತ್ತು. ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಹೊಸಿಲ ಕಡೆ ನೋಡಿದರು, ಯಾರೋ ಬಂದು ತಾಟು ಕಿತ್ತುಕೊಳ್ಳುತ್ತಾರೆ ಅನ್ನುವಂತೆ. ಆಮೇಲೆ ಅಗಿದರು. ಮೂರು ಮತ್ತು ಐದು ಹಲ್ಲುಗಳು ಹೇಗೋ ಒಂದಕ್ಕೊಂದು ಭೇಟಿಯಾದವು. ನುಂಗಿದರು. ಇನ್ನೊಂದು ಚೂರು ತೆಗೆದುಕೊಂಡರು.

"ಇದು ಎದಿನೇನು?" ಅಂದರು.

"ಎದಿನೇ."

"ಇಷ್ಟು ದಿನ ನಾವು ತಿಂದಿದ್ದು ಏನು ಮತ್ತ?" ಅಂದರು. ನಾನು ಉಳಿದ ಚೂರುಗಳನ್ನೂ ಅವರ ತಾಟಿಗೆ ಹಾಕಿದೆ. ತಾಟು ಖಾಲಿಯಾಯಿತು. ಬೆಕ್ಕು ಬಾಗಿಲಿಗೆ ಬಂದು ಕೂತಿತ್ತು, ಅದಕ್ಕೆ ಏನೂ ಸಿಗಲಿಲ್ಲ.

ಮೂರು ವಾರ ದಿನವೂ ಆರೂವರೆಗೆ ಹಾಗೆಯೇ ನಡೆಯಿತು. ಮೊದಲ ವಾರ ಮಗ ಬರುವ ಹೊತ್ತಿಗೆ ಅತ್ತೆ ತಾಟು ತೊಳೆದಿಟ್ಟು, ಏನೂ ತಿನ್ನದವರಂತೆ ಕೂರುತ್ತಿದ್ದರು. ಎರಡನೆಯ ವಾರ ತೊಳೆಯುವುದನ್ನು ಬಿಟ್ಟರು. ಲಿಂಗಸುಗೂರಿನ ಡಾಕ್ಟರು ಪಟ್ಟಿ ಬಿಚ್ಚಿ ಸುತ್ತಲೂ ಒತ್ತಿ ನೋಡಿದರು. ಗಾಯದ ಅಂಚಿನಿಂದ ಒಳಗಡೆಗೆ ಎಳೆಯ ಚರ್ಮ ಹೊರಟಿತ್ತು. "ಬೆರಳಿಗೆ ಕೈ ಹಚ್ಚೂದು ಬ್ಯಾಡ, ಕೂಡಾಕತ್ತೈತಿ. ಇದನ್ನೇ ಮುಂದುವರಿಸ್ರಿ," ಅಂದರು. ಕೊಟ್ಟ ಗುಳಿಗೆ, ಚುಚ್ಚಿದ ಇಂಜೆಕ್ಷನ್ನು, ಮಾಡಿದ ಡ್ರೆಸ್ಸಿಂಗು ಎಲ್ಲದರ ಪಾಲೂ ಅದರಲ್ಲಿತ್ತು. ಅತ್ತೆ ಮಾತ್ರ ಡಾಕ್ಟರಿಗೆ, "ಎಪ್ಪತ್ತೆರಡಕ್ಕ ಇಳಿಸಬೇಕ್ರಿ," ಎಂದು ತಿಳಿಸಿಕೊಟ್ಟರು. ಡಾಕ್ಟರು ಏನು ತಿಳಿದುಕೊಂಡರೋ, ತಲೆಯಾಡಿಸಿದರು.

ಅದರ ಮುಂದಿನ ಭಾನುವಾರ ಮೂವರೂ ಮನೆಯಲ್ಲಿದ್ದೆವು. ಗಂಡನಿಗಾಗಿ ಲೆಗ್ ಪೀಸಿನ ಸಾರು ಕುದಿಯುತ್ತಿತ್ತು, ಪಕ್ಕದ ಒಲೆಯಲ್ಲಿ ಅತ್ತೆಗಾಗಿ ಎದೆ ತುಂಡು. ನಾನು ಎಂದಿನಂತೆ ಗಂಡನಿಗೆ ಮೊದಲು ಬಡಿಸಲು ತಾಟು ತೆಗೆದೆ. ಅವನು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಫೋನ್ ನೋಡುತ್ತಿದ್ದ. ಅತ್ತೆ ಅಡುಗೆಮನೆಯಲ್ಲೇ ಕೂತು ಎಪ್ಪತ್ತೈದು ನೋಡಿ, ಚಾಕು ತೆಗೆದುಕೊಂಡು ತಾವೇ ಅಡ್ಡ ಕೊಯ್ದರು. ಅರ್ಧ ತಮ್ಮ ತಾಟಿಗೆ ಹಾಕಿಕೊಂಡರು. ಇನ್ನರ್ಧವನ್ನು ಇನ್ನೊಂದು ತಾಟಿಗೆ ಹಾಕಿ, ರೊಟ್ಟಿ ಮುರಿದಿಟ್ಟು ನನ್ನ ಕಡೆ ತಳ್ಳಿದರು.

"ಕುಂದ್ರು," ಅಂದರು.

"ಅವರಿಗೆ ಬಡಿಸಿ ಬರ್ತೀನ್ರಿ ಅತ್ತಿ."

"ಕುಂದ್ರು ಅಂದ್ನಿ."

ಪಡಸಾಲೆಯಿಂದ ಗಂಡ ಕೂಗಿದ. "ಯವ್ವಾ, ನನಗ?"

"ನಿಂದು ಕಾಲು ಐತಿ, ಇನ್ನಾ ಕುದ್ರೂ ಕೆಡಂಗಿಲ್ಲ. ಅದು ಕಾಯ್ತೈತಿ," ಅಂದರು ಅತ್ತೆ, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ನಮ್ದು ಕಾಯಂಗಿಲ್ಲ."

ನಾನು ಕೂತೆ. ಬಿಸಿಯಾಗಿತ್ತು.